ಖಾಲಿ ಕಲ್ಯಾಣ ಮಂಟಪವನ್ನು ಕಂಪ್ಯೂಟರ್‌ಗೆ ತರುವುದು ಹೇಗೆ?

ದಾವಣಗೆರೆಯಲ್ಲಿ ರಂಗಗೀತೆ ಹಾಡುವವರಿಗೆ ಬರವಿಲ್ಲ. ಆದರೆ ಮನೆಯ ಕೋಣೆಯಲ್ಲಿ ರೆಕಾರ್ಡ್ ಮಾಡಿದ ದನಿ ಒಣಒಣ ಅನ್ನಿಸುತ್ತದೆ, ಅಲ್ವಾ? ಊರಿನ ಕಲ್ಯಾಣ ಮಂಟಪದಲ್ಲೇ ಹಾಡಿದಂತೆ ಕೇಳಬೇಕಾದರೆ ಆ ಹಾಲ್‌ನ ಗುಣವನ್ನು ಅಳೆದು ತರಬಹುದು. ಇದೇ ಕನ್ವಲ್ಯೂಷನ್ ರಿವರ್ಬ್.

ಹಾಲ್‌ನಲ್ಲಿ ಒಂದೇ ಒಂದು ಚಿಕ್ಕ 'ಟಕ್' ಸದ್ದು ಮಾಡಿದರೆ ಗೋಡೆ, ಚಾವಣಿಯಿಂದ ಏನೇನು ವಾಪಸ್ ಬರುತ್ತದೋ ಅದರ ದಾಖಲೆಗೆ ಇಂಪಲ್ಸ್ ರೆಸ್ಪಾನ್ಸ್ ಎನ್ನುತ್ತಾರೆ. ಕಂಪ್ಯೂಟರ್‌ನಲ್ಲಿ ಹಾಡು ಎಂದರೆ ಅಂಕಿಗಳ ಸಾಲು. ಪ್ರತಿ ಅಂಕಿಯೂ ಒಂದು ಪುಟ್ಟ 'ಟಕ್'. ಪ್ರತಿಯೊಂದಕ್ಕೂ ಅದರ ಜೋರಿಗೆ ತಕ್ಕಷ್ಟು ಹಾಲ್‌ನ ಮರುದನಿಯ ಬಾಲ ಅಂಟಿಸಿ, ಎಲ್ಲವನ್ನೂ ಕೂಡಿದರೆ ಮುಗಿಯಿತು. ಹಾಲ್ `1, 0, 0.5, 0.25`, ಹಾಡು `2, 1` ಎಂದುಕೊಳ್ಳಿ:

```
2  0  1  0.5
   1  0  0.5  0.25
2  1  1  1    0.25
```

ಕೊನೆಯ ಸಾಲೇ ಹಾಲ್‌ನಲ್ಲಿ ಕೇಳುವ ಹಾಡು.

ಬಲೂನ್ ಒಡೆದೂ ಅಳೆಯಬಹುದು. ಆದರೆ ಅದರಲ್ಲಿ ಕೆಳ ಸ್ವರಗಳ ಬಲ ಕಡಿಮೆ, ಒಂದು ಬಲೂನಿನಂತೆ ಇನ್ನೊಂದು ಒಡೆಯುವುದೂ ಇಲ್ಲ. ಅದಕ್ಕೇ ಸ್ವೀಪ್ ಬಳಸುತ್ತಾರೆ: 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ಮೆಲ್ಲಗೆ ಏರುವ ಒಂದೇ ದನಿ. ಉಚಿತವಾಗಿ ಸಿಗುವ Room EQ Wizard ಎಂಬ ತಂತ್ರಾಂಶ ಇದನ್ನು ನುಡಿಸಿ, ಮೈಕ್‌ಗೆ ಬಂದದ್ದನ್ನು ಲೆಕ್ಕ ಹಾಕಿ ಮತ್ತೆ 'ಟಕ್' ಆಗಿ ಮಡಚಿ ಕೊಡುತ್ತದೆ.

ಮದುವೆಯಿಲ್ಲದ ದಿನ ಹಾಲ್‌ನವರನ್ನು ಕೇಳಿಕೊಂಡು ಹೋಗಿ. ಸ್ಪೀಕರ್ ವೇದಿಕೆಯ ಮೇಲೆ, ಹಾಡುಗಾರನ ಬಾಯಿಯ ಎತ್ತರಕ್ಕೆ. ಮೈಕ್ ಹಾಲ್‌ನ ನಡುವೆ. ಫ್ಯಾನ್ ಎಲ್ಲ ಆರಿಸಿ. ಸದ್ದಷ್ಟೇ ಕಾರಣವಲ್ಲ: ಗಾಳಿ ಅಲುಗಾಡುತ್ತಿದ್ದರೆ ಒಂದು ಸಲದ ಅಳತೆಗೂ ಇನ್ನೊಂದಕ್ಕೂ ಹೊಂದುವುದಿಲ್ಲ, ಸರಾಸರಿ ತೆಗೆದರೆ ಮೇಲಿನ ಸ್ವರಗಳು ಸವೆದುಹೋಗುತ್ತವೆ. ಹಾಗಾಗಿ ಚಿಕ್ಕ ಸ್ವೀಪ್ ಹತ್ತು ಸಲಕ್ಕಿಂತ ಉದ್ದನೆಯದು ಒಂದೇ ಸಲ ಲೇಸು. ಸುಮಾರು 22 ಸೆಕೆಂಡ್‌ನದು ಸಾಕು. ಮುಗಿದ ಮೇಲೂ ಬಾಲ ಪೂರ್ತಿ ಅಡಗುವ ತನಕ ರೆಕಾರ್ಡಿಂಗ್ ನಿಲ್ಲಿಸಬೇಡಿ.

ನಡುವೆ ಯಾರೋ ಬಾಗಿಲು ಬಡಿದರೆ? ಗೊತ್ತಾಗಿಯೇ ಆಗುತ್ತದೆ. ಆ ಬಡಿತ ಲೆಕ್ಕದ ನಂತರ ಮೇಲಿಂದ ಕೆಳಕ್ಕೆ ಇಳಿಯುವ ಸಿಳ್ಳೆಯಾಗಿ ಕೇಳಿಸುತ್ತದೆ. ತಿದ್ದಲು ಹೋಗಬೇಡಿ, ಮತ್ತೆ ಅಳೆಯಿರಿ.

ಬಂದ WAV ಕಡತವನ್ನು ರೀಪರ್ ಎಂಬ ರೆಕಾರ್ಡಿಂಗ್ ತಂತ್ರಾಂಶದ ReaVerbಗೆ ಹಾಕಿ. ಮೂಲ ಹಾಡಿನ ಜೊತೆ ಬೆರೆಸುವುದಾದರೆ, ಆ ಕಡತದಲ್ಲಿ ಮೊದಲಿಗೆ ಕಾಣುವ ದೊಡ್ಡ ಮೊನೆಯನ್ನು ಕತ್ತರಿಸಿ. ಅದು ಸ್ಪೀಕರ್‌ನಿಂದ ನೇರವಾಗಿ ಬಂದ ಸದ್ದು. ಬಿಟ್ಟರೆ ಹಾಡು ಎರಡೆರಡು ಸಲ ಕೇಳಿದಂತಾಗುತ್ತದೆ.

ಇದು ಇಡೀ ಹಾಲ್ ಅಲ್ಲ, ಒಂದು ವೇದಿಕೆಯ ಜಾಗ ಮತ್ತು ಒಂದು ಕುರ್ಚಿ ಅಷ್ಟೇ. ನಿಮ್ಮ ಸ್ಪೀಕರ್‌ನ ಬಣ್ಣವೂ ಅದರಲ್ಲಿ ಸೇರಿರುತ್ತದೆ. ಖಾಲಿ ಹಾಲ್ ಜಾಸ್ತಿ ಗುಂಯ್ ಅನ್ನುತ್ತದೆ, ಏಕೆಂದರೆ ಜನರ ಮೈ, ಬಟ್ಟೆ ಸದ್ದನ್ನು ಹೀರುತ್ತವೆ. ಮದುವೆ ದಿನದ ಹಾಲೇ ಬೇಕೆಂದರೆ ಜನ ತುಂಬಿದಾಗಲೇ ಅಳೆಯಬೇಕು. 22 ಸೆಕೆಂಡ್ ಎಲ್ಲರನ್ನೂ ಸುಮ್ನೆ ಕೂರಿಸುವುದು ನಿಮಗೆ ಬಿಟ್ಟದ್ದು.