ಸ್ಟ್ರಿಪ್‌ನಲ್ಲಿ ‘ಬ್ಲಡ್ 3+’ ಬಂದರೆ: ಆ ರಕ್ತ ಕಿಡ್ನಿಯದ್ದೋ, ಅದರ ಕೆಳಗಿನದ್ದೋ?

ಮಳೆಗಾಲದಲ್ಲಿ ಬದಿಯಡ್ಕ, ಪೆರ್ಲ ಕಡೆಯ ಲ್ಯಾಬುಗಳಿಗೆ ಕಟ್ಟನ್ ಚಾಯದ ಬಣ್ಣದ ಮೂತ್ರ ಬರುವುದು ಅಪರೂಪವಲ್ಲ. ಉದಾಹರಣೆಗೆ ಎಂಟು ವರ್ಷದ ಒಬ್ಬ ಹುಡುಗನ ಸ್ಯಾಂಪಲ್ ತೆಗೆದುಕೊಳ್ಳೋಣ. “ಬೆಳಗ್ಗೆ ಏಳುವಾಗ ಮುಖ ಬೀಗಿದ ಹಾಗೆ ಕಾಣ್ತದೆ ಸಾರ್, ಮೂತ್ರ ಕಪ್ಪು ಹೋಗ್ತದೆ” ಎಂದು ತಾಯಿ ಹೇಳುತ್ತಾರೆ. ಉರಿ ಇಲ್ಲ, ಹೊಟ್ಟೆನೋವಿಲ್ಲ. ಕೇಳಿದರೆ, ಮೂರು ವಾರದ ಹಿಂದೆ ಕಾಲಲ್ಲಿ ಕೀವು ತುಂಬಿದ ಕಜ್ಜಿ ಇತ್ತಂತೆ. ಈ ಕೊನೆಯ ಪ್ರಶ್ನೆಯನ್ನು ನಾನು ಸ್ಯಾಂಪಲ್ ತೆಗೆದುಕೊಳ್ಳುವಾಗಲೇ ಕೇಳಿ ಚೀಟಿಯಲ್ಲಿ ಬರೆದಿಡುತ್ತೇನೆ.

ರಾಸಾಯನಿಕ ಪ್ಯಾಡುಗಳನ್ನು ಅಂಟಿಸಿದ ಪಟ್ಟಿಯೇ ಸ್ಟ್ರಿಪ್. ಅದನ್ನು, ಅಲುಗಾಡಿಸಿ ಬೆರೆಸಿದ ಆದರೆ ಸೆಂಟ್ರಿಫ್ಯೂಜ್ ಮಾಡದ ಮೂತ್ರದಲ್ಲಿ ಅದ್ದಿ ತಕ್ಷಣ ಹೊರತೆಗೆಯಬೇಕು. ಅಂಚನ್ನು ಬಾಟಲಿಯ ಬಾಯಿಗೆ ಒರೆಸಿ, ಅಡ್ಡವಾಗಿ ಹಿಡಿಯಬೇಕು. ನೆಟ್ಟಗೆ ಹಿಡಿದರೆ ಒಂದು ಪ್ಯಾಡಿನ ರಾಸಾಯನಿಕ ಪಕ್ಕದ್ದಕ್ಕೆ ಹರಿದು ಬಣ್ಣ ಕೆಡುತ್ತದೆ. ಸಾಮಾನ್ಯ ಸ್ಟ್ರಿಪ್‌ಗಳಲ್ಲಿ ಬ್ಲಡ್, ಪ್ರೋಟೀನ್ ಮತ್ತು ಬ್ಯಾಕ್ಟೀರಿಯಾದ ಸುಳಿವು ಕೊಡುವ ನೈಟ್ರೈಟ್ 60 ಸೆಕೆಂಡಿಗೆ, ಬಿಳಿ ಕಣ ತೋರಿಸುವ ಲ್ಯೂಕೊಸೈಟ್ 120 ಸೆಕೆಂಡಿಗೆ ಓದುವಂಥವು. ಅದಕ್ಕಿಂತ ತಡವಾಗಿ ಬಂದ ಬಣ್ಣವನ್ನು ಲೆಕ್ಕಕ್ಕೆ ಹಿಡಿಯಬಾರದು. ಈ ಹುಡುಗನಲ್ಲಿ ಹಳದಿಯಾಗಿದ್ದ ಬ್ಲಡ್ ಪ್ಯಾಡ್ ಕಡುಹಸಿರಾಯಿತು, 3+. ಪ್ರೋಟೀನ್ ಪ್ಯಾಡ್ ಹಳದಿಯಿಂದ ಹಸಿರಿಗೆ ತಿರುಗಿತು, 2+. ಲ್ಯೂಕೊಸೈಟ್ 1+, ನೈಟ್ರೈಟ್ ನೆಗೆಟಿವ್, ಸಾಂದ್ರತೆ 1.020, ಪಿಎಚ್ 6.

ಲ್ಯೂಕೊಸೈಟ್ 1+ ಕಂಡ ಕೂಡಲೇ ‘ಮೂತ್ರದ ಇನ್‌ಫೆಕ್ಷನ್’ ಎಂದುಕೊಳ್ಳುವವರೇ ಹೆಚ್ಚು. ಆದರೆ ಕಿಡ್ನಿಯ ಗ್ಲೊಮೆರುಲಸ್, ಅಂದರೆ ರಕ್ತವನ್ನು ಸೋಸುವ ನುಣ್ಣನೆಯ ರಕ್ತನಾಳಗಳ ಗೊಂಚಲು, ಉರಿಯೂತಕ್ಕೆ ಒಳಗಾದರೂ ಬಿಳಿ ಕಣಗಳು ಇಳಿಯುತ್ತವೆ. ಬ್ಯಾಕ್ಟೀರಿಯಾ ಇರಲೇಬೇಕೆಂದಿಲ್ಲ. ಇಲ್ಲಿ ಹೆಚ್ಚು ತೂಕದ ಸಾಕ್ಷಿ ರಕ್ತ ಮತ್ತು ಪ್ರೋಟೀನ್ ಜೊತೆಜೊತೆಗೆ ಬಂದದ್ದು. ಮೂತ್ರಕೋಶದ ಕಲ್ಲಿನಿಂದ ಒಸರುವ ಸ್ವಲ್ಪ ರಕ್ತಕ್ಕೆ ಪ್ರೋಟೀನ್ ಪ್ಯಾಡ್ ಸಾಮಾನ್ಯವಾಗಿ ಇಷ್ಟು ಹಸಿರಾಗುವುದಿಲ್ಲ.

ಇನ್ನು ಮೈಕ್ರೋಸ್ಕೋಪ್. ಸುಮಾರು 10 ಮಿ.ಲೀ. ಮೂತ್ರವನ್ನು ನಿಮಿಷಕ್ಕೆ 1500 ಸುತ್ತಿನಲ್ಲಿ 5 ನಿಮಿಷ ತಿರುಗಿಸುತ್ತೇನೆ. ವೇಗ ಹೆಚ್ಚಿಸಿದರೆ, ಕಿಡ್ನಿಯ ನಳಿಕೆಗಳಲ್ಲಿ ಅಚ್ಚಾಗಿ ಮೂತ್ರದಲ್ಲಿ ಇಳಿಯುವ ಕಾಸ್ಟ್‌ಗಳು ಮುರಿಯುತ್ತವೆ. ಸಮಯ ಮುಗಿದ ಮೇಲೆ ಬ್ರೇಕ್ ಹಾಕದೆ ತಾನಾಗಿ ನಿಲ್ಲಲು ಬಿಟ್ಟು, ಮೇಲಿನ ನೀರನ್ನು ಚೆಲ್ಲಿ ತಳದಲ್ಲಿ ಅರ್ಧ ಮಿ.ಲೀ. ಉಳಿಸಿ, ಟ್ಯೂಬನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ ಗಷ್ಟನ್ನು ಎಬ್ಬಿಸುತ್ತೇನೆ. ಒಂದು ಸಣ್ಣ ಹನಿ ಸ್ಲೈಡಿಗೆ, ಮೇಲೊಂದು ಕವರ್ ಸ್ಲಿಪ್. ಹನಿ ದೊಡ್ಡದಾದರೆ ಕವರ್ ಸ್ಲಿಪ್ ತೇಲುತ್ತದೆ, ಹುಡುಕುವುದೆಲ್ಲ ಹೊರಗೆ ಹರಿದುಹೋಗುತ್ತದೆ.

ನೇರವಾಗಿ 40ರ ಲೆನ್ಸಿಗೆ ಹೋಗುವ ಅಭ್ಯಾಸದಿಂದಲೇ ಹೆಚ್ಚಿನ ಕಾಸ್ಟ್‌ಗಳು ತಪ್ಪಿಹೋಗುತ್ತವೆ. ಅವನ್ನು ಹುಡುಕಬೇಕಾದ್ದು 10ರ ಲೆನ್ಸಿನಲ್ಲಿ, ಕಂಡೆನ್ಸರ್ ಇಳಿಸಿ, ಬೆಳಕು ಮಂಕು ಮಾಡಿ. ಕಾಸ್ಟಿನ ಮೈ ಬಹುತೇಕ ಪಾರದರ್ಶಕ, ಪ್ರಖರ ಬೆಳಕಿನಲ್ಲಿ ಅದು ಕಾಣುವುದೇ ಇಲ್ಲ. ಕವರ್ ಸ್ಲಿಪ್ಪಿನ ಅಂಚುಗಳ ಉದ್ದಕ್ಕೂ ನೋಡಬೇಕು, ಅವು ಅಲ್ಲಿಗೆ ಸರಿದು ಸೇರುತ್ತವೆ. ಕಂಡದ್ದನ್ನು 40ರಲ್ಲಿ ಗುರುತಿಸುವುದು ಆಮೇಲಿನ ಕೆಲಸ.

ಕಾಸ್ಟ್ ಯಾಕೆ ಇಷ್ಟು ಮುಖ್ಯವೆಂದರೆ, ಅದು ಕಿಡ್ನಿಯೊಳಗೆ ಮಾತ್ರ ತಯಾರಾಗುವ ವಸ್ತು. ನಳಿಕೆಗಳಲ್ಲಿ ಒಸರುವ ಯೂರೊಮೊಡ್ಯುಲಿನ್ ಎಂಬ ಪ್ರೋಟೀನ್ ಅವುಗಳ ಕೊನೆಯ ಭಾಗದಲ್ಲಿ ಗಟ್ಟಿಯಾಗಿ, ಅಚ್ಚಿನಲ್ಲಿ ಹೊಯ್ದ ಬೆಲ್ಲದ ಹಾಗೆ ನಳಿಕೆಯ ಆಕಾರವನ್ನೇ ತಾಳುತ್ತದೆ. ಆ ಹೊತ್ತಿಗೆ ನಳಿಕೆಯಲ್ಲಿ ಏನಿತ್ತೋ ಅದೂ ಒಳಗೆ ಸಿಕ್ಕಿಬೀಳುತ್ತದೆ. ಮೂತ್ರಕೋಶದಲ್ಲಿ ಎಷ್ಟೇ ರಕ್ತ ಒಸರಿದರೂ ಅದು ಕಾಸ್ಟಿನೊಳಗೆ ಹೋಗಲಾರದು. ಹಾಗಾಗಿ ಕೆಂಪು ಕಣ ತುಂಬಿದ, ಕಂದು ಕಿತ್ತಳೆ ಛಾಯೆಯ ಒಂದೇ ಒಂದು ಕಾಸ್ಟ್ ಸಿಕ್ಕರೂ ಗ್ಲೊಮೆರುಲಸ್ ಕಡೆಗೆ ಬಲವಾದ ಸುಳಿವು ಸಿಕ್ಕಿತು. ಅದೇ ಏನೂ ತುಂಬಿರದ ಹಯಲಿನ್ ಕಾಸ್ಟ್ ಒಂದೆರಡು ಇದ್ದರೆ ಗಾಬರಿ ಬೇಡ, ಬಿಸಿಲಲ್ಲಿ ದುಡಿದು ಬಂದವರಲ್ಲೂ ಅದು ಕಾಣುತ್ತದೆ.

ಹುಡುಗನ ಸ್ಲೈಡಿನಲ್ಲಿ ಕೆಂಪು ಕಣಗಳು ಎಣಿಸಲಾಗದಷ್ಟು, ಬಿಳಿ ಕಣ ಪ್ರತಿ ಫೀಲ್ಡಿಗೆ 10–12, ಅಂಚಿನಲ್ಲಿ ಕೆಂಪು ಕಣದ ಕಾಸ್ಟ್‌ಗಳು. ಅನೇಕ ಕೆಂಪು ಕಣಗಳು ಉಂಗುರದಂತಾಗಿ, ಹೊರಕ್ಕೆ ಸಣ್ಣ ಗುಳ್ಳೆಗಳು ಮೂಡಿದ್ದವು. ಈ ರೂಪದವನ್ನು ಅಕ್ಯಾಂಥೊಸೈಟ್ ಎನ್ನುತ್ತಾರೆ. ಒಟ್ಟು ಕೆಂಪು ಕಣಗಳಲ್ಲಿ ಅವು 5 ಶೇಕಡಕ್ಕೆ ಮೀರಿದರೆ ಅದೂ ಗ್ಲೊಮೆರುಲಸ್‌ನತ್ತಲೇ ಬೊಟ್ಟು ಮಾಡುತ್ತದೆ. ಗಟ್ಟಿ ಮೂತ್ರದಲ್ಲಿ ಸುತ್ತಲೂ ಒಂದೇ ಸಮ ಮುಳ್ಳುಮುಳ್ಳಾಗಿ ಸುಕ್ಕಿದ ಕಣಗಳನ್ನು ಇದರೊಳಗೆ ಸೇರಿಸಬಾರದು.

ಕೆಂಪು ಕಣವೆಂದು ಮೋಸಗೊಳಿಸುವ ಬೇರೆಯವೂ ಇವೆ. ಯೀಸ್ಟ್ ಕಣಗಳ ಗಾತ್ರ ಒಂದಕ್ಕೊಂದು ಹೊಂದುವುದಿಲ್ಲ, ಮೊಗ್ಗು ಒಡೆದಿರುತ್ತದೆ. ಅನುಮಾನವಿದ್ದರೆ 2 ಶೇಕಡ ಅಸಿಟಿಕ್ ಆಸಿಡಿನ ಒಂದು ಹನಿ ಹಾಕಿದರೆ ಕೆಂಪು ಕಣ ಒಡೆದು ಮಾಯವಾಗುತ್ತದೆ, ಯೀಸ್ಟ್ ಉಳಿಯುತ್ತದೆ. ಮೊಟ್ಟೆಯಾಕಾರದ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳೂ ಆಮ್ಲಕ್ಕೆ ಕರಗದೆ ಉಳಿಯುತ್ತವೆ. ಲಕೋಟೆಯಂತೆ ಅಡ್ಡಗೆರೆ ಎಳೆದ ಆಕ್ಸಲೇಟ್ ಹರಳು ಫ್ರಿಜ್ಜಿನಲ್ಲಿಟ್ಟ ಮೂತ್ರದಲ್ಲಿ ಸುಮ್ಮನೆಯೂ ಕಾಣುತ್ತದೆ, ಅದೊಂದರಿಂದ ಕಲ್ಲು ಇದೆ ಎನ್ನಲಾಗದು. ಆದರೆ ತಾಜಾ ಮೂತ್ರದಲ್ಲಿ ರಾಶಿರಾಶಿ ಇದ್ದು ಕ್ರಿಯಾಟಿನಿನ್ ಏರಿದ್ದರೆ, ಕೊಲೆಸ್ಟರಾಲ್ ಇಳಿಯಲೆಂದು ಬಿಂಬುಳಿ ರಸ ಕುಡಿಯುತ್ತಿದ್ದಾರೆಯೇ ಎಂದು ಕೇಳಲೇಬೇಕು. ಆ ರಸದ ಆಕ್ಸಲೇಟ್ ಕಿಡ್ನಿಯಲ್ಲಿ ಕೂತು ಕಿಡ್ನಿ ಕೈಕೊಟ್ಟ ಪ್ರಕರಣಗಳು ಕೇರಳದಲ್ಲಿ ವರದಿಯಾಗಿವೆ.

ಸ್ಟ್ರಿಪ್ 3+ ತೋರಿಸಿ ಸ್ಲೈಡಿನಲ್ಲಿ ಕೆಂಪು ಕಣವೇ ಇಲ್ಲದಿದ್ದರೆ? ಬ್ಲಡ್ ಪ್ಯಾಡ್ ಗುರುತಿಸುವುದು ಕಣವನ್ನಲ್ಲ, ಹಿಮೋಗ್ಲೋಬಿನ್ ಮತ್ತು ಮಯೋಗ್ಲೋಬಿನ್ ಎರಡರಲ್ಲೂ ಇರುವ ಹೀಮ್ ಅನ್ನು. ಚುಕ್ಕೆಚುಕ್ಕೆ ಹಸಿರಾದರೆ ಕಣಗಳು ಇಡಿಯಾಗಿವೆ ಎಂದರ್ಥ. ಒಂದೇ ಸಮ ಹಸಿರಾದರೆ ಹಿಮೋಗ್ಲೋಬಿನ್, ಸ್ನಾಯುವಿನ ಮಯೋಗ್ಲೋಬಿನ್, ಇಲ್ಲವೇ ಚುಕ್ಕೆಗಳು ಕೂಡಿಕೊಳ್ಳುವಷ್ಟು ಕಣಗಳು. ನಾನು ಮೊದಲು ಸಾಂದ್ರತೆ, ಪಿಎಚ್ ಮತ್ತು ಸ್ಯಾಂಪಲ್ ತೆಗೆದ ಸಮಯ ನೋಡುತ್ತೇನೆ. ಸಾಂದ್ರತೆ 1.010ಕ್ಕಿಂತ ಕೆಳಗಿದ್ದರೆ, ಪಿಎಚ್ 7 ದಾಟಿದ್ದರೆ, ಅಥವಾ ಬಸ್ಸಿನಲ್ಲಿ ಬಿಸಿಲು ಸೆಖೆಯಲ್ಲಿ ಎರಡು ಗಂಟೆಗೂ ಮಿಕ್ಕಿ ಇದ್ದು ಬಂದಿದ್ದರೆ ಕಣಗಳು ಒಡೆದಿರಬಹುದು, ಕಾಸ್ಟ್‌ಗಳು ಕರಗಿರಬಹುದು. ಆಗ ಹೊಸ ಸ್ಯಾಂಪಲ್ ಬೇಕು. ಬ್ಲೀಚಿಂಗ್ ಪೌಡರಿನಲ್ಲಿ ತೊಳೆದ ಬಾಟಲಿಯೂ ಪ್ಯಾಡನ್ನು ಹಸಿರು ಮಾಡುತ್ತದೆ. ಇವ್ಯಾವುವೂ ಅಲ್ಲದಿದ್ದರೆ ರೋಗಿಯ ಸೀರಮ್ ನೋಡಿ. ಕೆಂಬಣ್ಣಕ್ಕೆ ತಿರುಗಿದ್ದರೆ ರಕ್ತಕಣ ದೇಹದೊಳಗೇ ಒಡೆಯುತ್ತಿರಬಹುದು. ತಿಳಿಯಾಗಿದ್ದರೆ ಸ್ನಾಯು ಒಡೆದಿರುವ ಅನುಮಾನ, ಸ್ನಾಯುವಿನ ಎನ್‌ಜೈಮ್ ಅಳೆಯುವ ಸಿಕೆ ಪರೀಕ್ಷೆ ಮಾಡಿಸಬೇಕು. ಎರಡೂ ಕಿಡ್ನಿಗೆ ಅಪಾಯ ತರುವಂಥವು, ವೈದ್ಯರಿಗೆ ಫೋನಿನಲ್ಲೇ ತಿಳಿಸುತ್ತೇನೆ.

ಹುಡುಗನ ರಿಪೋರ್ಟಿನಲ್ಲಿ ‘ಆರ್‌ಬಿಸಿ ಪ್ಲೆಂಟಿ’ ಎಂದಷ್ಟೇ ಬರೆದರೆ ಏನೂ ಹೇಳಿದಂತಾಗದು. ‘ಕೆಂಪು ಕಣದ ಕಾಸ್ಟ್‌ಗಳಿವೆ, ಅಕ್ಯಾಂಥೊಸೈಟ್ ಇವೆ, ಪ್ರೋಟೀನ್ 2+, ಬ್ಯಾಕ್ಟೀರಿಯಾ ಕಾಣಲಿಲ್ಲ’ ಎಂದು ಬಿಡಿಸಿ ಬರೆಯಬೇಕು. ಆಗ ವೈದ್ಯರು ಅದೇ ದಿನ ಬಿ.ಪಿ. ನೋಡುತ್ತಾರೆ, ಕ್ರಿಯಾಟಿನಿನ್ ಮತ್ತು ರಕ್ತದ ರಕ್ಷಣಾ ಪ್ರೋಟೀನ್ ಆದ ಸಿ3 ಪರೀಕ್ಷೆ ಬರೆಯುತ್ತಾರೆ. ಕಜ್ಜಿಯ ನಂತರದ, ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಸಂಬಂಧಿ ನೆಫ್ರೈಟಿಸ್, ಅಂದರೆ ಕಿಡ್ನಿಯ ಉರಿಯೂತ ಆಗಿದ್ದರೆ ಸಿ3 ಸಾಮಾನ್ಯವಾಗಿ ಇಳಿದಿರುತ್ತದೆ. ಸ್ಟ್ರೆಪ್ಟೊಕಾಕಸ್ ವಿರುದ್ಧದ ಪ್ರತಿಕಾಯ ಅಳೆಯುವ ಎಎಸ್‌ಒ ಮಾತ್ರ ಚರ್ಮದ ಸೋಂಕಿನ ನಂತರ ಏರದೆಯೂ ಇರಬಹುದು, ಅದು ನಾರ್ಮಲ್ ಬಂದಿತೆಂದು ರೋಗವಿಲ್ಲ ಎನ್ನುವಂತಿಲ್ಲ. ಮುಂದಿನ ವಾರಗಳಲ್ಲಿ ಮೂತ್ರ ಕಣ್ಣಿಗೆ ತಿಳಿಯಾದರೂ ಸ್ಲೈಡಿನಲ್ಲಿ ಕೆಂಪು ಕಣ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷದವರೆಗೂ ಕಾಣುತ್ತಿರುತ್ತದೆ. ಆದರೆ ಪ್ರೋಟೀನ್ ಇಳಿಯುತ್ತಲೇ ಇರಬೇಕು, ಸಿ3 ಎಂಟು ವಾರದೊಳಗೆ ಮೊದಲಿನಂತಾಗಬೇಕು. ಹಾಗಾಗದಿದ್ದರೆ ಮಗುವನ್ನು ಕಿಡ್ನಿ ತಜ್ಞರಿಗೆ ತೋರಿಸಬೇಕಾಗುತ್ತದೆ.