ಸೋಲ್ ಸವೆದ ಶೂ: ರಿಪೇರಿಗೆ ಕೊಡೋದಾ, ಹೊಸದು ತಗೊಳ್ಳೋದಾ?

ಸೋಲ್ ಸವೆದ ಲೆದರ್ ಶೂ ಕೈಗೆತ್ತಿಕೊಂಡಾಗ ನಾನು ಮೊದಲು ನೋಡುವುದು ಸೋಲನ್ನಲ್ಲ, ಮೇಲಿನ ಚರ್ಮವನ್ನು. ಸೋಲ್ ಎಷ್ಟೇ ಹಾಳಾಗಿದ್ದರೂ ಕಿತ್ತು ಬೇರೆ ಹಾಕಬಹುದು, ಮೇಲಿನ ಚರ್ಮ ಹೋದರೆ ಶೂ ಹೋದ ಹಾಗೇ. ನಡೆಯುವಾಗ ಬೆರಳ ಬುಡದಲ್ಲಿ ಶೂ ಮಡಚುತ್ತದಲ್ವಾ, ಅಲ್ಲಿ ಅದನ್ನು ಸ್ವಲ್ಪ ಬಗ್ಗಿಸಿ, ಬೆಳಕಿಗೆ ಹಿಡಿದು ನೋಡುತ್ತೇನೆ. ಬರೀ ಸುಕ್ಕಾದರೆ ಚಿಂತೆ ಇಲ್ಲ. ಗೆರೆಯೊಳಗೆ ಬಣ್ಣ ಬಿಟ್ಟು ನಾರು ನಾರಾಗಿ ಕಂಡರೆ ಅದು ಬಿರುಕು. ಪಾಲಿಶ್ ತುಂಬಿ ಮುಚ್ಚಬಹುದು, ಆದರೆ ನಾಲ್ಕು ದಿನ ನಡೆದರೆ ಮತ್ತೆ ಬಾಯಿ ಬಿಡುತ್ತದೆ. ಅಂಥ ಶೂಗೆ ನಾನು ದುಡ್ಡು ಹಾಕುವುದಿಲ್ಲ. ಹಿಮ್ಮಡಿ ಹತ್ತಿರ ಒಳಗಿನ ಅಸ್ತರಿ ಹರಿದಿದ್ದರೆ ಪರವಾಗಿಲ್ಲ, ಅಲ್ಲಿ ಚರ್ಮದ ತೇಪೆ ಹಾಕಿಸಬಹುದು.

ಆಮೇಲೆ, ಸೋಲ್ ಹೇಗೆ ಕೂತಿದೆ ಅಂತ ನೋಡಬೇಕು. ನನ್ನ ಕಂದು ಶೂ ವೆಲ್ಟ್ ಹೊಲಿಗೆಯದು. ಮೇಲಿನ ಚರ್ಮದ ಸುತ್ತ ಒಂದು ಚರ್ಮದ ಪಟ್ಟಿ ಹೊಲಿದಿರುತ್ತಾರೆ, ಅದೇ ವೆಲ್ಟ್. ಸೋಲನ್ನು ಹೊಲಿಯುವುದು ಆ ಪಟ್ಟಿಗೆ. ಹಾಗಾಗಿ ಹಳೇ ಸೋಲ್ ಬಿಚ್ಚುವಾಗ ಮೇಲಿನ ಚರ್ಮವನ್ನು ಮುಟ್ಟಬೇಕಾಗಿಲ್ಲ. ಪಟ್ಟಿ ಗಟ್ಟಿ ಇರುವವರೆಗೆ ಇದನ್ನೇ ಮತ್ತೆ ಮತ್ತೆ ಮಾಡಿಸಬಹುದು. ಬರೀ ಅಂಟಿನಲ್ಲಿ ಕೂರಿಸಿದ ಶೂಗೂ ಹೊಸ ಸೋಲ್ ಹಚ್ಚಿಕೊಡುತ್ತಾರೆ, ಆದರೆ ಕಿತ್ತಾಗಲೆಲ್ಲ ಚರ್ಮದ ಅಂಚು ಒಂದಷ್ಟು ಕಿತ್ತು ಬರುತ್ತದೆ, ಅಂಟಿನ ಹಿಡಿತವೂ ಅಷ್ಟಕ್ಕಷ್ಟೇ. ಇಲ್ಲೊಂದು ಮೋಸ ಇದೆ. ಅಂಟಿನ ಶೂಗಳಿಗೂ ಚೆಂದಕ್ಕೆ ಅಂತ ಸುತ್ತ ಹೊಲಿಗೆ ಹಾಕಿದ ಪಟ್ಟಿ ಅಂಟಿಸಿರುತ್ತಾರೆ. ದಾರ ಮೇಲೆ ಕಂಡು, ಸೋಲಿನ ಅಡಿಯಲ್ಲಿ ಎಲ್ಲೂ ಕಾಣದಿದ್ದರೆ ಅನುಮಾನಪಡಿ. ಕೆಲವು ಒಳ್ಳೆಯ ಚರ್ಮದ ಸೋಲಲ್ಲಿ ಹೊಲಿಗೆಯನ್ನು ಗೀರಿನೊಳಗೆ ಮುಚ್ಚಿರುತ್ತಾರೆ, ಅದಕ್ಕೇ ಅನುಮಾನ ಇದ್ದಾಗ ರಿಪೇರಿಯವರ ಕೈಗೇ ಕೊಟ್ಟು ಕೇಳುವುದು ಒಳ್ಳೆಯದು.

ಈಗ ಲೆಕ್ಕಕ್ಕೆ ಬರೋಣ. ಅದೇ ದರ್ಜೆಯ ಹೊಸ ಜೋಡಿಗೆ 100 ಅಂತಿಟ್ಟುಕೊಂಡರೆ, ಹೀಲ್ ಸಮೇತ ಪೂರ್ತಿ ಸೋಲ್ ಹಾಕಿಸಲು ನನಗೆ ಹೇಳಿದ್ದು 40. ಅಗ್ಗದ ಅಂಟಿನ ಶೂ ಹೊಸದಾಗಿ 30ಕ್ಕೇ ಸಿಗುತ್ತಿತ್ತು. ಮೇಲ್ನೋಟಕ್ಕೆ 30ರದ್ದೇ ಲಾಭ ಅನ್ನಿಸುತ್ತದೆ. ಆದರೆ ಅಷ್ಟು ಬೆಲೆಯ ಶೂ ನನ್ನ ಕಾಲಲ್ಲಿ ಹೆಚ್ಚೆಂದರೆ ಒಂದು ವರ್ಷ ಬಾಳುತ್ತದೆ, ಕಂದು ಶೂನ ಸೋಲ್ ಎರಡು ವರ್ಷ ಬಂದಿತ್ತು. ಅಂದರೆ ವರ್ಷಕ್ಕೆ 30 ಒಂದು ಕಡೆ, 20 ಇನ್ನೊಂದು ಕಡೆ. ಅದರ ಮೇಲೆ, ಕಾಲಿಗೆ ಹೊಂದಿಕೊಂಡ ಶೂ ಕೈಯಲ್ಲೇ ಇದೆ, ಹೊಸದನ್ನು ಪಳಗಿಸುವ ಕಾಟ ಇಲ್ಲ. ಕೊಟ್ಟೆ. ಆದರೆ ಈ ಲೆಕ್ಕ ಪೂರ್ತಿ ನಿಂತಿರುವುದು ಮೇಲಿನ ಚರ್ಮ ಇನ್ನೆರಡು ವರ್ಷ ತಡೆಯುತ್ತದೆ ಅನ್ನುವುದರ ಮೇಲೆ. ಒಂದೇ ವರ್ಷ ತಡೆಯುವ ಹಾಗಿದ್ದರೆ ವರ್ಷಕ್ಕೆ 40 ಬಿತ್ತು, ಆಗ ಹೊಸದೇ ವಾಸಿ. ಹಳೇ ಶೂಗೆ ಅಂದು ಎಷ್ಟು ಕೊಟ್ಟಿದ್ದೆವು ಅನ್ನುವುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ, ಸುಮ್ನೆ ಹೊಟ್ಟೆ ಉರಿಸಿಕೊಳ್ಳೋಕಷ್ಟೇ.

ಯಾವಾಗ ಕೊಡುತ್ತೇವೆ ಅನ್ನುವುದರ ಮೇಲೂ ಖರ್ಚು ಏರಿಳಿಯುತ್ತದೆ. ಚರ್ಮದ ಸೋಲ್ ಮೊದಲು ತೆಳ್ಳಗಾಗುವುದು ಮುಂಗಾಲಿನ ನಡುವಿನಲ್ಲಿ. ಅಲ್ಲಿ ಹೆಬ್ಬೆರಳಿಂದ ಒತ್ತಿ ನೋಡಿ. ಮೆತ್ತಗೆ ಒಳಗೆ ಹೋದರೆ ಅದೇ ಹೊತ್ತು. ತೂತು ಬೀಳುವವರೆಗೆ ಕಾದರೆ ನೀರು ಒಳಗೆ ನುಗ್ಗಿ, ನಡುವೆ ತುಂಬಿರುವ ಕಾರ್ಕ್ ಪುಡಿಯಾಗಿ, ಅದರ ಮೇಲೆ ಪಾದದಡಿ ಇರುವ ಇನ್ಸೋಲ್ ಕೂಡ ಕೆಡುತ್ತದೆ. ವೆಲ್ಟ್ ಪಟ್ಟಿಯ ಹೊಲಿಗೆ ಹಿಡಿದಿರುವುದು ಇನ್ಸೋಲನ್ನೇ, ಅದು ಸೀಳಿದರೆ ಪಟ್ಟಿ ಹಿಡಿದು ನಿಲ್ಲಲು ಜಾಗವೇ ಇರುವುದಿಲ್ಲ. ತುದಿಯಲ್ಲಿ ನೆಲಕ್ಕೆ ಉಜ್ಜಿ ಉಜ್ಜಿ ಸೋಲ್ ಮುಗಿದು ವೆಲ್ಟ್ ತಿನ್ನಲು ಶುರುವಾದರೂ ಅಷ್ಟೇ, ಪಟ್ಟಿಯನ್ನೂ ಬದಲಾಯಿಸಬೇಕಾಗಿ ಬಂದು ಕೂಲಿ ಜಾಸ್ತಿಯಾಗುತ್ತದೆ.

ಹೀಲ್ ಮಾತ್ರ ಸವೆದಿದ್ದರೆ ಪೂರ್ತಿ ಸೋಲಿನ ಮಾತೇ ಬೇಡ. ಅಡಿಯ ರಬ್ಬರ್ ತುಂಡು ಬದಲಾಯಿಸಿದರೆ ಸಾಕು, ಅದೂ ಸವೆತ ರಬ್ಬರ್ ದಾಟಿ ಹೀಲಿನ ಚರ್ಮದ ಪದರಗಳಿಗೆ ಮುಟ್ಟುವ ಮೊದಲು. ಮುಂಗಾಲಿಗೆ ಮಾತ್ರ ಹಾಕುವ ಅರ್ಧ ಸೋಲ್ ಇದೆ, ಕಡಿಮೆಗೆ ಆಗುತ್ತದೆ, ಹಿಂಭಾಗ ಗಟ್ಟಿ ಇದ್ದರೆ ನಾನು ಅದನ್ನೇ ಆರಿಸುತ್ತೇನೆ.

ಮನೆಯಲ್ಲಿದ್ದ ಕಪ್ಪು ಜೋಡಿಗೆ ಈ ಲೆಕ್ಕ ಯಾವುದೂ ಬೇಕಾಗಲಿಲ್ಲ. ಅದರದ್ದು ಪಾಲಿಯುರೆಥೇನ್ ಸೋಲ್, ಹಾಕದೆ ಬಹಳ ಕಾಲ ಇಟ್ಟಿದ್ದೆ. ಈ ಪದಾರ್ಥ ಗಾಳಿಯ ತೇವಕ್ಕೇ ನಿಧಾನವಾಗಿ ಹಾಳಾಗುತ್ತದೆ, ನಡೆದರೂ ನಡೆಯದಿದ್ದರೂ. ಹೊರಗೆ ತೆಗೆದು ಬಗ್ಗಿಸಿದಾಗ ಸೋಲ್ ಪುಡಿಪುಡಿಯಾಗಿ ಉದುರಿತು. ಹೊಲಿಗೆ ಇರಲಿಲ್ಲ, ಮೇಲಿನದ್ದು ತೆಳು ಚರ್ಮ, ಅದರಲ್ಲೂ ಆಗಲೇ ಬಿರುಕು. ರಿಪೇರಿಯವರೇ ‘ಇದಕ್ಕೆ ಹಾಕೋ ದುಡ್ಡು ದಂಡ ಸಾರ್’ ಅಂದರು. ಲೇಸ್ ಬಿಚ್ಚಿಟ್ಟುಕೊಂಡು ಅದನ್ನು ಎಸೆದೆ.