ಒಂದು ಜೀನ್, ಎರಡು ಬ್ಯಾಂಡ್: ನಡುವಿನ ATG ಕೊಟ್ಟ ತಲೆನೋವು

ಮನುಷ್ಯನ ಒಂದು ಜೀನನ್ನು ಈ. ಕೋಲಿಯಲ್ಲಿ ಹಾಕಿದ್ದೆ. 52 ಕಿಲೊಡಾಲ್ಟನ್ ಪ್ರೋಟೀನ್ ಬರಬೇಕಿತ್ತು, ಬಂತು. ಆದರೆ ಜೆಲ್‌ನಲ್ಲಿ 34ರ ಹತ್ತಿರ ಇನ್ನೊಂದು ದಪ್ಪ ಬ್ಯಾಂಡ್ ಕೂಡ ಬಂತು. ಹಿಸ್ ಟ್ಯಾಗ್ ಬಾಲದ ಕಡೆ ಇದ್ದಿದ್ದರಿಂದ ನಿಕ್ಕಲ್ ಕಾಲಮ್‌ಗೆ ಎರಡೂ ಅಂಟಿಕೊಂಡವು.

ಪ್ರೋಟಿಯೇಸ್ ಕತ್ತರಿಸುತ್ತಿದೆ ಅಂದುಕೊಂಡು ಮೂರು ವಾರ ಅದರ ಹಿಂದೆ ಬಿದ್ದೆ. ಇನ್‌ಹಿಬಿಟರ್ ಹಾಕಿದೆ, ಇಂಡಕ್ಷನ್ 37 ಡಿಗ್ರಿಯಿಂದ 18ಕ್ಕೆ ಇಳಿಸಿದೆ. ಏನೂ ಬದಲಾಗಲಿಲ್ಲ. ಅದೇ ಜೀನನ್ನು ಮನುಷ್ಯನ ಎಚ್‌ಇಕೆ 293 ಕೋಶಗಳಿಗೆ ಹಾಕಿದಾಗ ಮಾತ್ರ ಒಂದೇ ಬ್ಯಾಂಡ್, 52.

ಆಮೇಲೆ ಕೂತು ಲೆಕ್ಕ ಹಾಕಿದೆ. 18 ಕಿಲೊಡಾಲ್ಟನ್ ಕಡಿಮೆ ಅಂದರೆ, ಅಮೈನೊ ಆಮ್ಲಕ್ಕೆ ಸುಮಾರು 110 ಡಾಲ್ಟನ್‌ನಂತೆ, ಮುಂದಿನಿಂದ 160ರಷ್ಟು ಹೋಗಿವೆ. ಸೀಕ್ವೆನ್ಸ್‌ನಲ್ಲಿ ಅಲ್ಲಿ ನೋಡಿದರೆ ಇದು ಸಿಕ್ಕಿತು:

```
AAG GAG GAA CTG AAC ATG
```

ಕೋಡಾನ್ ಗೆರೆಗಳನ್ನು ಮರೆತು ಓದಿ: AAGGAGG. ಶೈನ್-ಡಾಲ್ಗಾರ್ನೊ ಸೀಕ್ವೆನ್ಸೇ ಅಲ್ವಾ! ಅದಾದ ಮೇಲೆ 8 ಬೇಸ್, ಆಮೇಲೆ ಪ್ರೋಟೀನ್ ಶುರು ಮಾಡುವ ಕೋಡಾನ್ ATG. ಬ್ಯಾಕ್ಟೀರಿಯಾದ ರೈಬೋಸೋಮ್‌ಗೆ ಎಂಆರ್‌ಎನ್‌ಎ ತುದಿ ಬೇಕಿಲ್ಲ. ಅದರ 16ಎಸ್ ಆರ್‌ಎನ್‌ಎ ಬಾಲದಲ್ಲಿರುವ CCUCC ಈ GGAGG ಜೊತೆ ಜೋಡಿಯಾಗುತ್ತದೆ, ಎಂಆರ್‌ಎನ್‌ಎ ನಡುವೆ ಎಲ್ಲಿದ್ದರೂ ಸರಿ, ಅಲ್ಲೇ ಕೂತು ಪಕ್ಕದ ATGಯಿಂದ ಶುರು ಮಾಡುತ್ತದೆ.

ಎಚ್‌ಇಕೆ ಕೋಶದಲ್ಲಿ ದಾರಿ ಬೇರೆ. 40ಎಸ್ ಉಪಘಟಕ ಟೋಪಿ ಇರುವ ತುದಿಯಲ್ಲಿ ಹತ್ತಿ, ಒಂದೊಂದೇ ಬೇಸ್ ನೋಡುತ್ತಾ ಬಂದು, ಅಕ್ಕಪಕ್ಕ ಸರಿಯಿರುವ ಮೊದಲ ATG ಸಿಕ್ಕಾಗ ನಿಲ್ಲುತ್ತದೆ. ನಾನು ಮೊದಲ ATGಗೆ GCCACC ಎಂಬ ಕೋಝಾಕ್ ಮುಂಭಾಗ ಕೊಟ್ಟಿದ್ದೆ, ಹಾಗಾಗಿ ಹೆಚ್ಚಿನವು ಅಲ್ಲೇ ನಿಂತವು. ನನಗೆ ಬಹಳ ಇಷ್ಟವಾದ ಸಂಗತಿ ಏನೆಂದರೆ, ನಡುವಿನ ATGಗೂ ಕೋಝಾಕ್ ಲೆಕ್ಕದಲ್ಲಿ ಒಳ್ಳೆಯ ಜಾಗವೇ ಇದೆ, ಮೂರು ಬೇಸ್ ಹಿಂದೆ A ಇದೆ. ಆದರೂ ಕೆಲಸವಿಲ್ಲ, ಯಾಕೆಂದರೆ ಅಲ್ಲಿಯವರೆಗೆ ಹುಡುಕುತ್ತಾ ಬರುವ ಉಪಘಟಕಗಳು ಇಲ್ಲವೆನ್ನುವಷ್ಟು ಕಡಿಮೆ.

ಊಹೆ ಸರಿಯೇ ಎಂದು ನೋಡಲು ಬ್ಯಾಕ್ಟೀರಿಯಾ ಕ್ಲೋನ್‌ನಲ್ಲಿ ಮೊದಲ ATGಯನ್ನು AAG ಮಾಡಿದೆ. ಚಿಕ್ಕದು ದೊಡ್ಡದರಿಂದಲೇ ಕತ್ತರಿಸಿ ಬಂದಿದ್ದರೆ ಎರಡೂ ಮಾಯವಾಗಬೇಕು. 52 ಹೋಯಿತು, 34 ಹಾಗೇ ಉಳಿಯಿತು. ಕತ್ತರಿಸುವಿಕೆ ಅಲ್ಲ, ಅಲ್ಲಿಂದಲೇ ಶುರು.

ಮೆಥಿಯೊನಿನ್‌ಗೆ ಒಂದೇ ಕೋಡಾನ್ ಇರುವುದರಿಂದ, ಪ್ರೋಟೀನ್ ಬದಲಾಗದಂತೆ ನಡುವಿನ ATGಯನ್ನು ಬದಲಾಯಿಸಲು ಆಗುವುದಿಲ್ಲ. ಅದರ ಹಿಂದಿನದನ್ನು ಬದಲಾಯಿಸಬಹುದು:

```
AAA GAA GAA CTG AAC ATG
```

ಅದೇ ಲೈಸಿನ್, ಅದೇ ಎರಡು ಗ್ಲುಟಾಮೇಟ್, ಆದರೆ GGAGG ಇಲ್ಲ. ಮುಂದಿನ ಜೆಲ್‌ನಲ್ಲಿ 34ರ ಜಾಗದಲ್ಲಿ ಸುಮ್ನೆ ಒಂದು ಮಸುಕು ನೆರಳು ಮಾತ್ರ ಇತ್ತು.

ಈಗ ಆರ್ಡರ್ ಕೊಡುವ ಮೊದಲು GGAG ಹುಡುಕುತ್ತೇನೆ, ಅದರ ಮುಂದೆ 5ರಿಂದ 9 ಬೇಸ್ ದೂರದಲ್ಲಿ, ನನ್ನ ಫ್ರೇಮ್‌ನಲ್ಲೇ ATG ಇದ್ದರೆ ಮಾತ್ರ ಬದಲಾಯಿಸುತ್ತೇನೆ. ಹಾಗೆ ಕಂಡದ್ದೆಲ್ಲ ಶುರುವಾಗುವ ಜಾಗವಲ್ಲ, ಎಂಆರ್‌ಎನ್‌ಎ ಮಡಚಿಕೊಂಡು ಅದನ್ನು ಮುಚ್ಚಿಡುವುದೂ ಉಂಟು.